ಸಂಜೆಯ ಒಂದು ಒತ್ತು, ತಿಂಗಳ ಒಂದು ಪುಟ: ಮನಸ್ಸಿನ ಲೆಕ್ಕವನ್ನು ಓದುವುದು ಹೇಗೆ?

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತುಗಳ ಬರಹರೂಪ)

  ಧ್ವನಿ ಸರಿಯಾಗಿ ಕೇಳ್ತಿದೆ ಅಂದುಕೊಂಡು ಶುರು ಮಾಡ್ತೀನಿ.

ನನ್ನ ವಿಷಯ ಬಹಳ ಸಣ್ಣದು. ದಿನಾ ಸಂಜೆ ಮೊಬೈಲಿನಲ್ಲಿ ಐದು ಮುಖಗಳು ಬರುತ್ತವೆ, ಅಳುವ ಮುಖದಿಂದ ನಗುವ ಮುಖದವರೆಗೆ. ಅವುಗಳಲ್ಲಿ ಒಂದನ್ನು ಒತ್ತಬೇಕು. ತಿಂಗಳು ಮುಗಿದಾಗ ಒಂದು ಸಾರಾಂಶ ಬರುತ್ತದೆ: ನಿದ್ದೆ ಚೆನ್ನಾಗಿದ್ದ ದಿನ ಮನಸ್ಸು ಹೇಗಿತ್ತು, ಕೆಲಸ ಹೆಚ್ಚಿದ್ದ ದಿನ ಹೇಗಿತ್ತು, ವ್ಯಾಯಾಮ ಮಾಡಿದ ದಿನ ಹೇಗಿತ್ತು ಅಂತ. 2015ರಲ್ಲಿ ಬಂದ ಡೇಲಿಯೋದಂಥ ಆ್ಯಪ್‌ಗಳು ಈ ರೂಢಿಯನ್ನು ಜನರ ಕೈಗೆ ತಂದವು. ಅದಕ್ಕೂ ಬಹಳ ಹಿಂದೆಯೇ ಮನೋವೈದ್ಯರು ರೋಗಿಗಳಿಂದ ಕಾಗದದ ಮೇಲೆ ಇಂಥದೇ ಪಟ್ಟಿ ಬರೆಸುತ್ತಿದ್ದರು. ಒತ್ತುವುದರಲ್ಲಿ ಕಷ್ಟವೇನಿಲ್ಲ, ಎರಡು ಸೆಕೆಂಡಿನ ಕೆಲಸ. ತಿಂಗಳ ಕೊನೆಯ ಆ ಪುಟವನ್ನು ಓದುವಾಗಲೇ ನಾವು ತಪ್ಪುವುದು. ಅದು ಎಲ್ಲಿ ತಪ್ಪುತ್ತದೆ, ತಪ್ಪಿದೆ ಅಂತ ತಿಳಿಯುವುದು ಹೇಗೆ ಅನ್ನೋದನ್ನ ನನ್ನದೇ ಮನೆಯ ಮೂರು ಉದಾಹರಣೆಗಳಿಂದ ಹೇಳ್ತೀನಿ. ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಮೂರು ಊರು, ಮೂರು ಮಂದಿ

ನಾನು ಇರೋದು ಜಹೀರಾಬಾದಿನಲ್ಲಿ. ತವರುಮನೆ ನಾರಾಯಣಖೇಡದ ಕಡೆ ಒಂದು ಹಳ್ಳಿ. ಅಕ್ಕನನ್ನು ಕೊಟ್ಟದ್ದು ತಾಂಡೂರಿಗೆ. 1956ಕ್ಕೆ ಮೊದಲು ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಮೂರೂ ಆಂಧ್ರಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಹಾಗಾಗಿ ನಮ್ಮಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ದಖ್ಖನಿ. ಈ ಮಾತು ಇಲ್ಲಿ ಯಾಕೆ ಬಂತು ಅನ್ನೋದು ಮುಂದೆ ತಿಳಿಯುತ್ತೆ.

ವಾರದಲ್ಲಿ ನಾಲ್ಕು ದಿನ ನನಗೆ ಜಹೀರಾಬಾದಿನಲ್ಲೇ ಕೆಲಸ. ಗುರುವಾರ ಮಾತ್ರ ತಾಂಡೂರಿಗೆ ಹೋಗಿ ಪಾಠ ಮಾಡಬೇಕು. ಎರಡೂ ಊರಿಗೆ ರೈಲು ಇದೆ, ಆದರೆ ಬೇರೆ ಬೇರೆ ದಾರಿ: ಜಹೀರಾಬಾದ್ ಇರೋದು ವಿಕಾರಾಬಾದ್–ಪರಳಿ ದಾರಿಯಲ್ಲಿ, ತಾಂಡೂರು ಇರೋದು ವಾಡಿ ದಾರಿಯಲ್ಲಿ. ನನ್ನ ಹೊತ್ತಿಗೆ ಅವೆರಡೂ ಕೂಡಿ ಬರೋದಿಲ್ಲ. ಹಾಗಾಗಿ ನಸುಕಿನಲ್ಲೆದ್ದು ಬಸ್ಸು ಬದಲಿಸಿಕೊಂಡು ಹೋಗೋದು. ಹೋದ ವರ್ಷ ಆ ಗುರುವಾರದ ಪಾಠವನ್ನು ಬಿಟ್ಟೇ ಬಿಡಬೇಕು ಅನ್ನಿಸಿತ್ತು. ಬಿಟ್ಟರೆ ತಿಂಗಳ ಆದಾಯದಲ್ಲಿ ದೊಡ್ಡ ಪಾಲು ಹೋಗುತ್ತೆ. ಬಿಡದೇ ಇದ್ದರೆ ಮೈ ಮನಸ್ಸು ಎರಡೂ ಹೋಗುತ್ತೆ ಅನ್ನೋ ಭಯ. ತೀರ್ಮಾನ ಮಾಡೋಕೆ ಏನಾದರೂ ಆಧಾರ ಬೇಕಿತ್ತು, ಆಗ ಈ ಸಂಜೆಯ ಒತ್ತು ಶುರು ಮಾಡಿದೆ.

ತಾಂಡೂರಿನ ಸುತ್ತ ಕಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಗಳು ಇರೋದು ನಿಮಗೆ ಗೊತ್ತು. ನನ್ನ ಭಾವನವರು ಅಂಥದೊಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದಲ್ಲಿದ್ದಾರೆ. ನನ್ನನ್ನು ನೋಡಿ ಅವರೂ ಒತ್ತೋಕೆ ಶುರು ಮಾಡಿದರು. ಮೂರನೆಯವರು ನಾರಾಯಣಖೇಡದ ನನ್ನ ಅತ್ತಿಗೆ. ಅವರದು ಮನೆ ಮತ್ತು ಹೊಲ.

"ಬ್ಯಾಸರಾ ಇಲ್ಲವ್ವ, ಮೈ ಸೋತದ"

ಮೊದಲ ತಪ್ಪು ಮುಖಗಳ ಕೆಳಗಿದ್ದ ಪದಗಳಲ್ಲೇ ಇತ್ತು. ನಾನು ಐದು ಮುಖಗಳಿಗೆ ಕನ್ನಡದಲ್ಲಿ ಹೆಸರು ಕೊಟ್ಟಿದ್ದೆ. 2ನೆಯದಕ್ಕೆ 'ಬೇಸರ' ಅಂತ ಬರೆದಿದ್ದೆ. ಅತ್ತಿಗೆ ಹತ್ತು ದಿನದಲ್ಲಿ ಏಳು ದಿನ ಅದನ್ನೇ ಒತ್ತಿದ್ದರು. ನನಗೆ ಗಾಬರಿಯಾಗಿ ಫೋನ್ ಮಾಡಿದೆ. "ಅತ್ತಿಗಿ, ಯಾಕ್ ಇಷ್ಟು ಬ್ಯಾಸರಾ ಮಾಡ್ಕೊಂಡೀರಿ?" ಅಂದೆ. ಅವರು ನಕ್ಕು, "ಮನಸಿಗೇನ್ ಬ್ಯಾಸರಾ ಇಲ್ಲವ್ವ, ಮೈ ಸೋತದ. ತೊಗರಿ ಕೊಯ್ಯೋ ದಿನ ಅಲ್ಲೇನು?" ಅಂದರು.

ನಮ್ಮ ಕಡೆ ಬೇಸರ ಅನ್ನೋ ಒಂದೇ ಪದ ದುಃಖಕ್ಕೂ ಸಲ್ಲುತ್ತೆ, ದಣಿವಿಗೂ ಸಲ್ಲುತ್ತೆ, ಹೊತ್ತು ಹೋಗದೇ ಇರೋದಕ್ಕೂ ಸಲ್ಲುತ್ತೆ. ಮಾತಿನಲ್ಲಿ ಇದರಿಂದ ತೊಂದರೆಯಿಲ್ಲ, ಮುಖ ನೋಡಿ ಯಾವ ಬೇಸರ ಅಂತ ತಿಳಿದುಕೊಳ್ಳುತ್ತೇವೆ. ಅಳತೆಯ ಪಟ್ಟಿಯಲ್ಲಿ ಮಾತ್ರ ಇದು ದೊಡ್ಡ ತೊಂದರೆ. ದಣಿವನ್ನು ಮನಸ್ಸಿನ ಅಂಕದೊಳಗೆ ಸೇರಿಸಿದರೆ, ಹೆಚ್ಚು ಕೆಲಸ ಮಾಡಿದ ದಿನವೆಲ್ಲ ಮನಸ್ಸು ಕೆಟ್ಟಿತ್ತು ಅಂತಲೇ ಸಾರಾಂಶ ಬರುತ್ತೆ. ಕೆಲಸಕ್ಕೂ ಮನಸ್ಸಿಗೂ ನಂಟಿದೆ ಅಂತ ನಾವು ಕಂಡುಹಿಡಿದಂತಾಗುತ್ತೆ, ನಿಜದಲ್ಲಿ ಒಂದೇ ಸಂಗತಿಗೆ ಎರಡು ಹೆಸರಿಟ್ಟಿರುತ್ತೇವೆ.

ನಾನು ಮಾಡಿದ ತಿದ್ದುಪಡಿ ಇಷ್ಟೇ. ಪ್ರಶ್ನೆಯನ್ನು 'ಇವತ್ತು ಮನಸ್ಸು ಹ್ಯಾಂಗಿತ್ತು?' ಅಂತ ಒಂದೇ ರೂಪದಲ್ಲಿ ಇಟ್ಟೆ. ಉತ್ತರಗಳನ್ನು 'ಬಹಳ ಕೆಟ್ಟಿತ್ತು, ಕೆಟ್ಟಿತ್ತು, ನಡುಮಧ್ಯ, ಚಲೋ ಇತ್ತು, ಬಹಳ ಚಲೋ ಇತ್ತು' ಅಂತ ಒಂದೇ ಪದದ ಏರಿಳಿತದಲ್ಲಿ ಬರೆದೆ. ದಣಿವಿಗೆ ಬೇರೆ ಗುರುತು ಇಟ್ಟೆ. ಮುಂದಿನ ಹತ್ತು ದಿನದಲ್ಲಿ ಅತ್ತಿಗೆಯವರ 2 ಅನ್ನೋ ಒತ್ತು ಎರಡಕ್ಕೆ ಇಳಿಯಿತು. ಹೊಲದ ಕೆಲಸ ಹಾಗೇ ನಡೆದಿತ್ತು.

ಅವರದೇ ಪುಟದಲ್ಲಿ ಇನ್ನೊಂದು ವಿಚಿತ್ರ ಇತ್ತು. ವ್ಯಾಯಾಮದ ಅಂಕಣ ತಿಂಗಳಿಡೀ 'ಇಲ್ಲ'. ಬೆಳಗಿನಿಂದ ಸಂಜೆತನಕ ಬಗ್ಗಿ ತೊಗರಿ ಕೊಯ್ದವರಿಗೆ, ಹೊರೆ ಹೊತ್ತವರಿಗೆ, 'ನೀವು ಈ ತಿಂಗಳು ವ್ಯಾಯಾಮ ಮಾಡಿಲ್ಲ' ಅಂತ ಸಾರಾಂಶ! ವ್ಯಾಯಾಮ ಅನ್ನೋ ಪದ ಕೂತು ಕೆಲಸ ಮಾಡುವವರ ಪದ. ಹೊಲದವರಿಗೆ ಕೇಳಬೇಕಾದ್ದು ಮೈ ಎಷ್ಟು ದುಡಿಯಿತು, ಅದಕ್ಕೆ ಬಿಡುವು ಎಷ್ಟು ಸಿಕ್ಕಿತು ಅನ್ನೋದನ್ನ.

ನಿದ್ದೆ ಯಾವ ದಿನದ್ದು?

ಎರಡನೆಯ ತಪ್ಪು ನನ್ನದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇಲ್ಲಿ ಉತ್ತರ ಪೂರ್ತಿ ತಲೆಕೆಳಗಾಗುತ್ತೆ.

ನಾನು ಆ್ಯಪ್‌ನ ಸಾರಾಂಶ ನಂಬದೆ ನನ್ನದೇ ಒಂದು ಸ್ಪ್ರೆಡ್‌ಶೀಟ್ ಮಾಡಿದ್ದೆ. ಸಂಜೆ ಮನಸ್ಸಿನ ಅಂಕ, ಅದೇ ಸಾಲಿನಲ್ಲಿ ಆ ರಾತ್ರಿ ಎಷ್ಟು ಹೊತ್ತು ಮಲಗಿದೆ ಅನ್ನೋದು. ಸೋಮವಾರದ ಸಾಲಿನಲ್ಲಿ ಸೋಮವಾರ ಸಂಜೆಯ ಮನಸ್ಸು, ಸೋಮವಾರ ರಾತ್ರಿಯ ನಿದ್ದೆ. ನೋಡೋಕೆ ಸರಿಯಾಗೇ ಇದೆ, ಅಲ್ವಾ? ಒಂದು ವಾರದ ಅಂಕ ಹೀಗಿದ್ದವು: ಸೋಮವಾರ 2, ಮಂಗಳವಾರ 4, ಬುಧವಾರ 4, ಗುರುವಾರ 2, ಶುಕ್ರವಾರ 3, ಶನಿವಾರ 4, ಭಾನುವಾರ 4. ಅದೇ ಕ್ರಮದಲ್ಲಿ ಆಯಾ ರಾತ್ರಿಯ ನಿದ್ದೆ 7 ಗಂಟೆ, 7, ನಾಲ್ಕೂವರೆ, ಆರೂವರೆ, 7, 8, 5.

6 ಗಂಟೆಗಿಂತ ಕಡಿಮೆ ನಿದ್ದೆಯ ಸಾಲುಗಳು ಎರಡು, ಬುಧವಾರ ಮತ್ತು ಭಾನುವಾರ. ಆ ಎರಡೂ ದಿನ ಮನಸ್ಸು 4, ಸರಾಸರಿ 4. ಉಳಿದ ಐದು ಸಾಲುಗಳ ಮೊತ್ತ 15, ಸರಾಸರಿ 3. ಅಂದ್ರೆ ಕಡಿಮೆ ಮಲಗಿದರೆ ನನ್ನ ಮನಸ್ಸು ಚೆನ್ನಾಗಿರುತ್ತೆ! ಇದನ್ನು ನೋಡಿ ನಾನು ಮೂರು ದಿನ ಖುಷಿಯಲ್ಲೇ ಇದ್ದೆ. ನಿದ್ದೆ ಸಮಸ್ಯೆಯೇ ಅಲ್ಲ, ಹಾಗಾದರೆ ಸಮಸ್ಯೆ ಗುರುವಾರದ ಪಾಠವೇ, ಬಿಟ್ಟುಬಿಡೋಣ ಅಂತ ಪತ್ರ ಬರೆಯೋಕೂ ಕೂತಿದ್ದೆ.

ತಪ್ಪು ಎಲ್ಲಿದೆ ನೋಡಿ. ಬುಧವಾರ ಸಂಜೆ 4 ಒತ್ತಿದಾಗ ಬುಧವಾರ ರಾತ್ರಿಯ ನಿದ್ದೆ ಇನ್ನೂ ಆಗಿರಲೇ ಇಲ್ಲ. ಮುಂದೆ ಆಗಲಿರುವ ನಿದ್ದೆ ಹಿಂದಿನ ಸಂಜೆಯ ಮನಸ್ಸನ್ನು ಬದಲಿಸೋದಕ್ಕಾಗಲ್ಲ. ನಿದ್ದೆಯನ್ನು ಎದ್ದ ಬೆಳಗಿನ ದಿನಕ್ಕೆ ಸೇರಿಸಬೇಕು. ಹಾಗೆ ಒಂದು ಸಾಲು ಕೆಳಗೆ ಸರಿಸಿದೆ. ಭಾನುವಾರ ರಾತ್ರಿಯ 5 ಗಂಟೆ ಸೋಮವಾರದ ಸಾಲಿಗೆ ಬಂತು. ಹಿಂದಿನ ಭಾನುವಾರವೂ ಅಷ್ಟೇ ಮಲಗಿದ್ದೆ. ಬುಧವಾರ ರಾತ್ರಿಯ ನಾಲ್ಕೂವರೆ ಗಂಟೆ ಗುರುವಾರಕ್ಕೆ ಬಂತು. ಈಗ ಕಡಿಮೆ ನಿದ್ದೆಯ ದಿನಗಳು ಸೋಮವಾರ ಮತ್ತು ಗುರುವಾರ, ಎರಡರಲ್ಲೂ ಮನಸ್ಸು 2. ಉಳಿದ ಐದು ದಿನಗಳ ಮೊತ್ತ 19, ಸರಾಸರಿ 3.8. ಅದೇ ಅಂಕಗಳು, ಅದೇ ನಿದ್ದೆ, ಒಂದು ಸಾಲು ಸರಿಸಿದ್ದಕ್ಕೆ ಉತ್ತರ ಉಲ್ಟಾ ಆಯಿತು.

ಹಾಗಂತ ಮೊದಲಿನ ಜೋಡಣೆ ಯಾವಾಗಲೂ ತಪ್ಪು ಅಂತ ಅಲ್ಲ. ಅದು ಬೇರೊಂದು ಪ್ರಶ್ನೆಗೆ ಉತ್ತರ: ದಿನ ಕೆಟ್ಟಿದ್ದರೆ ಆ ರಾತ್ರಿ ನಿದ್ದೆ ಕೆಡುತ್ತದೆಯೇ ಅನ್ನೋ ಪ್ರಶ್ನೆಗೆ. ಎರಡೂ ಪ್ರಶ್ನೆ ಕೇಳಬಹುದು, ಆದರೆ ಒಂದಕ್ಕೆ ಬಂದ ಉತ್ತರವನ್ನು ಇನ್ನೊಂದಕ್ಕೆ ಹಚ್ಚಬಾರದು. ಯಾವುದೇ ಆ್ಯಪ್ ಬಳಸುವವರು ಇದನ್ನು ಪರೀಕ್ಷಿಸೋಕೆ ಸುಲಭದ ದಾರಿ ಇದೆ. ಒಂದು ರಾತ್ರಿ ಬೇಕಂತಲೇ ಬಹಳ ಬೇಗ ಮಲಗಿ, ಮರುದಿನ ಆ ಗಂಟೆಗಳು ಯಾವ ತಾರೀಕಿನ ಕೆಳಗೆ ಕಾಣುತ್ತವೆ ನೋಡಿ. ಸ್ಪ್ರೆಡ್‌ಶೀಟಿನಲ್ಲಾದರೆ ಸಾಲು ಸರಿ ಮಾಡಿಕೊಂಡ ಮೇಲೆ ಈ ಎರಡು ಸೂತ್ರ ಸಾಕು. B ಅಂಕಣದಲ್ಲಿ ಮನಸ್ಸಿನ ಅಂಕ, C ಅಂಕಣದಲ್ಲಿ ಆ ಬೆಳಿಗ್ಗೆ ಮುಗಿದ ನಿದ್ದೆಯ ಗಂಟೆ ಇರಬೇಕು.

```
=AVERAGEIFS(B2:B31,C2:C31,"<6")
=COUNTIFS(B2:B31,">0",C2:C31,"<6")
```

ಮೊದಲನೆಯದು ಸರಾಸರಿ ಕೊಡುತ್ತೆ. ಎರಡನೆಯದು ಆ ಸರಾಸರಿ ಎಷ್ಟು ದಿನಗಳ ಮೇಲೆ ನಿಂತಿದೆ ಅಂತ ಹೇಳುತ್ತೆ. ಎರಡನೆಯದನ್ನು ನೋಡದೆ ಮೊದಲನೆಯದನ್ನು ನಂಬಬೇಡಿ. ಎರಡು ದಿನದ ಸರಾಸರಿಯೂ ಇಪ್ಪತ್ತು ದಿನದ ಸರಾಸರಿಯೂ ಪುಟದಲ್ಲಿ ಒಂದೇ ಥರ ಕಾಣುತ್ತವೆ.

ನಿದ್ದೆಯೋ, ಕೆಲಸವೋ, ನಡಿಗೆಯೋ

ಸಾಲು ಸರಿಯಾದ ಮೇಲೆ ನಿದ್ದೆಯೇ ಕಾರಣ ಅಂತ ಹೇಳಬಹುದಾ? ಇನ್ನೂ ಆಗಲ್ಲ. ಸೋಮವಾರ ಮತ್ತು ಗುರುವಾರ ನನಗೆ ನಿದ್ದೆ ಮಾತ್ರ ಕಡಿಮೆಯಲ್ಲ, ಬೇರೆ ಸಂಗತಿಗಳೂ ಅವತ್ತೇ ಕೂಡಿ ಬರ್ತವೆ. ಭಾನುವಾರ ತವರಿನಲ್ಲಿ ರಾತ್ರಿ ಊಟ ಮುಗಿಸಿ ಹೊರಟರೆ ಮನೆ ಮುಟ್ಟುವಾಗ 11 ದಾಟಿರುತ್ತೆ, ಬೆಳಿಗ್ಗೆ 5ಕ್ಕೆ ಏಳಬೇಕು, ಸೋಮವಾರ ಕೆಲಸವೂ ಹೆಚ್ಚು. ಗುರುವಾರ ನಸುಕಿನ ಪ್ರಯಾಣ, ಮೇಲೆ ತಾಂಡೂರಿನ ಪಾಠ.

ಆ ತಿಂಗಳ ಪೂರ್ತಿ ಲೆಕ್ಕದಲ್ಲಿ ನಡಿಗೆಯ ಬಗ್ಗೆ ಬಂದ ಸಾಲು ಇದಕ್ಕೆ ಒಳ್ಳೆಯ ಉದಾಹರಣೆ. ನಾನು 26 ದಿನ ಒತ್ತಿದ್ದೆ. ಅದರಲ್ಲಿ 9 ದಿನ ಸಂಜೆ ಅರ್ಧ ಗಂಟೆ ನಡೆದಿದ್ದೆ. ನಡೆದ ದಿನಗಳ ಸರಾಸರಿ 4, ನಡೆಯದ 17 ದಿನಗಳ ಸರಾಸರಿ 3.1. ಇದನ್ನು ನೋಡಿದ ಯಾರಾದರೂ ದಿನಾ ನಡೀರಿ, ಮನಸ್ಸು ಸರಿಹೋಗುತ್ತೆ ಅಂತಾರೆ. ಆದರೆ ನಾನು ನಡೆದ ಒಂಬತ್ತರಲ್ಲಿ ಒಂದೂ ಸೋಮವಾರವಲ್ಲ, ಒಂದೂ ಗುರುವಾರವಲ್ಲ. ಆ ದಿನಗಳಲ್ಲಿ ನಡೆಯೋ ಶಕ್ತಿಯೇ ಇರಲಿಲ್ಲ. ಹಾಗಾಗಿ ತಿಂಗಳ ಎಂಟು ಕೆಟ್ಟ ದಿನಗಳು, ಒಟ್ಟು 18 ಅಂಕದವು, ಎಲ್ಲವೂ 'ನಡೆಯದ' ಗುಂಪಿಗೇ ಬಿದ್ದವು. ಆ ಎಂಟನ್ನು ತೆಗೆದಿಟ್ಟು ಉಳಿದ ದಿನಗಳನ್ನು ಮಾತ್ರ ಹೋಲಿಸಿದೆ. ನಡೆಯದ 9 ದಿನಗಳ ಮೊತ್ತ 35, ಸರಾಸರಿ 3.9. ನಡೆದ ದಿನಗಳದು 4. ಅಂತರ ಕರಗಿಹೋಯಿತು.

ನಡಿಗೆಯಿಂದ ಪ್ರಯೋಜನವಿಲ್ಲ ಅಂತ ನಾನು ಹೇಳ್ತಿಲ್ಲ. ನನ್ನ ಆ ತಿಂಗಳ ಪುಟದಲ್ಲಿ ಅದಕ್ಕೆ ಆಧಾರ ಇಲ್ಲ ಅಂತ ಅಷ್ಟೇ. ವ್ಯಾಯಾಮದ ವಿಷಯದಲ್ಲಿ ಈ ಗೋಜಲು ಬಹಳ ಸಲ ಬರುತ್ತೆ, ಯಾಕಂದ್ರೆ ಮನಸ್ಸು ಚಲೋ ಇದ್ದ ದಿನವೇ ನಾವು ಚಪ್ಪಲಿ ಮೆಟ್ಟಿ ಹೊರಗೆ ಹೋಗೋದು.

ಹಾಗಾದರೆ ಬಿಡಿಸೋದು ಹೇಗೆ? ಲೆಕ್ಕ ಹಾಕುತ್ತಾ ಕೂತರೆ ಆಗಲ್ಲ, ಏನಾದರೂ ಒಂದನ್ನು ಬದಲಿಸಿ ನೋಡಬೇಕು. ಮುಂದಿನ ತಿಂಗಳು ನಾಲ್ಕು ಗುರುವಾರ ಬಂದವು. ಎರಡು ಬುಧವಾರ ಸಂಜೆಯೇ ತಾಂಡೂರಿಗೆ ಹೋಗಿ ಅಕ್ಕನ ಮನೆಯಲ್ಲಿ ಉಳಿದೆ. ಇನ್ನೆರಡು ಸಲ ಎಂದಿನಂತೆ ಜಹೀರಾಬಾದಿನಿಂದ ನಸುಕಿನಲ್ಲಿ ಹೊರಟೆ. ಅಕ್ಕನ ಮನೆಯಲ್ಲಿ ಉಳಿದಾಗ 7 ಗಂಟೆ ನಿದ್ದೆಯಾಯಿತು, ಗುರುವಾರ ಸಂಜೆ ಒತ್ತಿದ್ದು ಒಮ್ಮೆ 4, ಒಮ್ಮೆ 3. ನಸುಕಿನಲ್ಲಿ ಹೊರಟ ಎರಡೂ ಗುರುವಾರ ಒತ್ತಿದ್ದು 2.

ಇದರಿಂದ ನಿದ್ದೆ ಕಾರಣವೋ ಬೆಳಗಿನ ಪ್ರಯಾಣ ಕಾರಣವೋ ತಿಳಿಯಲಿಲ್ಲ, ಯಾಕಂದ್ರೆ ಅಕ್ಕನ ಮನೆಯಲ್ಲಿ ಉಳಿದಾಗ ಎರಡೂ ಒಟ್ಟಿಗೆ ಬದಲಾದವು. ನಾಲ್ಕು ದಿನ ಅನ್ನೋದು ಬಹಳ ಕಡಿಮೆಯೂ ಹೌದು. ಆದರೆ ನಾಲ್ಕೂ ದಿನ ಪಾಠ ಅದೇ, ತರಗತಿ ಅದೇ, ಹುಡುಗರೂ ಅವರೇ. ಪಾಠವೇ ನನ್ನನ್ನು ಕುಗ್ಗಿಸುತ್ತಿತ್ತು ಅನ್ನೋ ನನ್ನ ಊಹೆ ನಿಲ್ಲಲಿಲ್ಲ. ನನ್ನ ತೀರ್ಮಾನಕ್ಕೆ ಬೇಕಾಗಿದ್ದದ್ದೂ ಅಷ್ಟೇ. ಪಾಠ ಬಿಡುವ ಪತ್ರ ಹಾಗೇ ಉಳಿಯಿತು. ಈಗ ಬುಧವಾರ ರಾತ್ರಿ ಅಕ್ಕನ ಮನೆಯ ಊಟ.

ಖಾಲಿ ಬಿದ್ದ ದಿನಗಳು

ಮೂರನೆಯ ಮಾತು ಭಾವನವರದು. ಇದೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು.

ಅವರ ಕಾರ್ಖಾನೆಯಲ್ಲಿ ಬೆಳಿಗ್ಗೆ 6ರಿಂದ 2 ಎ ಶಿಫ್ಟು, 2ರಿಂದ ರಾತ್ರಿ 10 ಬಿ ಶಿಫ್ಟು, 10ರಿಂದ ಬೆಳಿಗ್ಗೆ 6 ಸಿ ಶಿಫ್ಟು. ಆ್ಯಪ್ ರಾತ್ರಿ 9ಕ್ಕೆ ನೆನಪಿಸುತ್ತಿತ್ತು. ಆ ತಿಂಗಳ ಸಾರಾಂಶದಲ್ಲಿ ಸರಾಸರಿ 3.6 ಅಂತ ಬಂತು, ಪಕ್ಕದಲ್ಲಿ ಹಸಿರು ಬಣ್ಣ. ಭಾವ ಅದನ್ನು ಅಕ್ಕನಿಗೆ ತೋರಿಸಿ, "ನೋಡು, ನಾ ಚಲೋನೇ ಅದೀನಿ, ನೀನೇ ಸುಮ್ನ ಚಿಂತಿ ಮಾಡ್ತಿ" ಅಂದರಂತೆ. ಅಕ್ಕ ನನಗೆ ಫೋನ್ ಮಾಡಿದಳು. "ಊಟಾ ಸರಿ ಮಾಡಂಗಿಲ್ಲ, ಹುಡುಗರ ಜೋಡಿ ಮಾತಾಡಂಗಿಲ್ಲ, ಇದರಾಗ ಚಲೋ ಅಂತ ಬಂದದ. ಏನ್ ಲೆಕ್ಕಾ ಇದು?" ಅಂತ ಕೇಳಿದಳು.

ಪುಟ ತರಿಸಿಕೊಂಡು ನೋಡಿದೆ. 30 ದಿನದಲ್ಲಿ ಒತ್ತಿದ್ದು 22 ದಿನ, ಮೊತ್ತ 79. ಸರಾಸರಿ 3.6 ಸರಿಯೇ. ಖಾಲಿ ಇದ್ದ 8 ದಿನ ಯಾವುವು? ಏಳು ದಿನ ಸಿ ಶಿಫ್ಟಿನವು, ಒಂದು ದಿನ ಊರಿಗೆ ಹೋದದ್ದು. ರಾತ್ರಿ 9ಕ್ಕೆ ಫೋನ್ ನೆನಪಿಸುವಾಗ ಅವರು ಡಬ್ಬಿ ಕಟ್ಟಿಕೊಂಡು ಡ್ಯೂಟಿಗೆ ಹೊರಡುತ್ತಿದ್ದರು. ಸಾರಾಂಶ ಖಾಲಿ ದಿನಗಳನ್ನು ಲೆಕ್ಕದಿಂದಲೇ ಬಿಟ್ಟಿತ್ತು. ಅಂದ್ರೆ ಅದು ಹೇಳಿದ್ದು ಹಗಲು ಶಿಫ್ಟಿನ ಮನುಷ್ಯನ ಕಥೆ, ರಾತ್ರಿ ಶಿಫ್ಟಿನ ಮನುಷ್ಯ ಅದರಲ್ಲಿ ಇರಲೇ ಇಲ್ಲ.

ಇದಕ್ಕೊಂದು ಸರಳ ಪರೀಕ್ಷೆ ಇದೆ, ನೀವೂ ಮಾಡಬಹುದು. ಖಾಲಿ ದಿನಗಳೆಲ್ಲ 1 ಅಂತ ಇಟ್ಟು ಒಮ್ಮೆ ಲೆಕ್ಕ ಹಾಕಿ: 79ಕ್ಕೆ 8 ಕೂಡಿದರೆ 87, ಅದನ್ನು 30ರಿಂದ ಭಾಗಿಸಿದರೆ 2.9. ಎಲ್ಲ 5 ಅಂತ ಇಟ್ಟು ಇನ್ನೊಮ್ಮೆ ಹಾಕಿ: 79ಕ್ಕೆ 40 ಕೂಡಿದರೆ 119, ಸರಾಸರಿ ಸುಮಾರು 4. ನಿಜವಾದ ತಿಂಗಳು ಇವೆರಡರ ನಡುವೆ ಎಲ್ಲೋ ಇದೆ. ನಡುಮಧ್ಯಕ್ಕಿಂತ ಕೆಳಗಿನಿಂದ ಚಲೋ ಅನ್ನೋವರೆಗೆ ಹರಡಿರುವ ಅಂತರ ಅದು. ಅಷ್ಟು ಅಗಲದ ಉತ್ತರ ಉತ್ತರವೇ ಅಲ್ಲ. ಎರಡು ಮೂರು ದಿನ ಖಾಲಿಯಿದ್ದರೆ ಈ ಅಂತರ ಸಣ್ಣದಾಗಿರುತ್ತೆ, ಚಿಂತೆಯಿಲ್ಲ. ಎಂಟು ದಿನ ಖಾಲಿಯಿದ್ದು ಅವು ಒಂದೇ ಬಗೆಯ ದಿನಗಳಾಗಿದ್ದರೆ ಸರಾಸರಿಯನ್ನು ಪಕ್ಕಕ್ಕಿಟ್ಟು ಖಾಲಿ ದಿನಗಳನ್ನೇ ಮೊದಲು ಓದಬೇಕು.

ಕೆಟ್ಟ ದಿನಗಳೇ ಹೆಚ್ಚಾಗಿ ಖಾಲಿ ಬೀಳುತ್ತವೆ ಅನ್ನೋದಕ್ಕೆ ಶಿಫ್ಟೇ ಇರಬೇಕೆಂದಿಲ್ಲ. ಮನಸ್ಸು ತೀರಾ ಕುಗ್ಗಿದವರಿಗೆ ಫೋನ್ ಎತ್ತಿಕೊಳ್ಳೋದೂ ಬೇಡವಾಗಿರುತ್ತೆ. ಹಾಗಾಗಿ ಒತ್ತದೇ ಇರೋದೂ ಒಂದು ಬಗೆಯ ಉತ್ತರ.

ಭಾವನವರಿಗೆ ನಾವು ಮಾಡಿದ ಬದಲಾವಣೆ: ಸಂಜೆ ಅನ್ನೋದನ್ನ ತೆಗೆದು, 'ದೊಡ್ಡ ನಿದ್ದೆಗೆ ಮುಂಚೆ' ಅಂತ ಮಾಡಿದೆವು. ಸಿ ಶಿಫ್ಟಿನ ವಾರದಲ್ಲಿ ಬೆಳಿಗ್ಗೆ ಮನೆಗೆ ಬಂದು ಚಹಾ ಕುಡಿದು ಮಲಗುವ ಮುಂಚೆ ಒತ್ತೋದು. ನೆನಪಿಸುವ ಗಂಟೆಯನ್ನು ಶಿಫ್ಟು ಬದಲಾದಂತೆ ಅಕ್ಕನೇ ಬದಲಿಸುತ್ತಿದ್ದಳು. ಮುಂದಿನ ತಿಂಗಳ ಸಿ ಶಿಫ್ಟಿನ ಏಳು ದಿನಗಳೂ ತುಂಬಿದವು. ಐದು ದಿನ 2, ಎರಡು ದಿನ 1.

ಈ ಅಂಕ ಏನನ್ನು ಹೇಳೋದಿಲ್ಲ

ಆ ಪುಟ ನೋಡಿದಾಗ ಭಾವ ಸುಮ್ಮನಾದರು. ಮಾತು ಮುಂದುವರಿದದ್ದು ಆಮೇಲೆ. ಆದರೆ ಆ ಅಂಕಗಳನ್ನೇ ಹಿಡಿದು ನಾವು ಯಾರೂ ಅವರಿಗೆ ಇಂಥ ಕಾಯಿಲೆ ಅಂತ ಹೇಳಲಿಲ್ಲ, ಹೇಳಲೂಬಾರದು. ಒಂದು ಒತ್ತು ಅನ್ನೋದು ರೋಗ ಗುರುತಿಸುವ ಸಾಧನ ಅಲ್ಲ.

ವೈದ್ಯರು ಬಳಸುವ ಪಿ.ಎಚ್.ಕ್ಯೂ-9 ಅನ್ನೋ ಪ್ರಶ್ನಾವಳಿ 2001ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂಬತ್ತು ಪ್ರಶ್ನೆಗಳಿವೆ, ಕಳೆದ ಎರಡು ವಾರದ ಬಗ್ಗೆ. ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 27. ಅದು ಮನಸ್ಸಿನ ಕುಗ್ಗು ಒಂದನ್ನೇ ಕೇಳೋದಿಲ್ಲ. ಆಸಕ್ತಿ, ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆ ಎಲ್ಲವನ್ನೂ ಬೇರೆ ಬೇರೆಯಾಗಿ ಕೇಳುತ್ತೆ. ಕೊನೆಯ ಪ್ರಶ್ನೆ ಸಾಯಬೇಕು ಅನ್ನಿಸಿದೆಯೇ, ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಅನ್ನಿಸಿದೆಯೇ ಅನ್ನೋದು. ಐದು ಮುಖಗಳ ಪಟ್ಟಿಯಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ. 2 ಅಂಕದ ಹಿಂದೆ ಬರೀ ದಣಿವು ಇರಬಹುದು, ಅದೂ ಇರಬಹುದು. ಪಿ.ಎಚ್.ಕ್ಯೂ-9 ಕೂಡ ತಾನಾಗಿ ತೀರ್ಪು ಕೊಡೋದಿಲ್ಲ, ವೈದ್ಯರ ಮಾತುಕತೆಗೆ ದಾರಿ ಮಾಡುತ್ತೆ.

ಭಾವನವರಿಗೆ ಅಕ್ಕ ಮೊದಲು ಮಾಡಿಸಿದ್ದು 14416ಕ್ಕೆ ಕರೆ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ತೆಲುಗಿನಲ್ಲೂ ಕನ್ನಡದಲ್ಲೂ ಮಾತಾಡಬಹುದು. ಅಲ್ಲಿಂದ ಮುಂದೆ ವೈದ್ಯರನ್ನು ಕಂಡರು. ವೈದ್ಯರು ಎರಡನೆಯ ತಿಂಗಳ ಪುಟವನ್ನು ಎರಡು ನಿಮಿಷ ನೋಡಿ, ಸಿ ಶಿಫ್ಟಿನ ಹಗಲಿನಲ್ಲಿ ಎಲ್ಲಿ ಮಲಗ್ತೀರಿ, ಎಷ್ಟು ಹೊತ್ತು ಮಲಗ್ತೀರಿ ಅಂತ ಅಲ್ಲಿಂದಲೇ ಕೇಳೋಕೆ ಶುರು ಮಾಡಿದರಂತೆ. ತಗಡಿನ ಮನೆ, ಹಗಲು ಸೆಕೆ, ಮಕ್ಕಳ ಗದ್ದಲ ಎಲ್ಲ ಆಗ ಹೊರಗೆ ಬಂತು. ಮೊದಲ ತಿಂಗಳ ಹಸಿರು ಪುಟ ಒಯ್ದಿದ್ದರೆ ಈ ಪ್ರಶ್ನೆಗೆ ದಾರಿಯೇ ಸಿಗುತ್ತಿರಲಿಲ್ಲ.

ಚಾಟಿನಲ್ಲಿ ಬಂದ ಎರಡು ಪ್ರಶ್ನೆಗಳು

ಒಬ್ಬ ವಿದ್ಯಾರ್ಥಿನಿ ಕೇಳಿದ್ದಾರೆ: ದಿನವಿಡೀ ಚಲೋ ಇದ್ದು, ಒತ್ತುವ ಮುಂಚೆ ಮನೆಯಲ್ಲಿ ಜಗಳವಾದರೆ ಯಾವುದನ್ನು ಒತ್ತಬೇಕು?

ಒಳ್ಳೆಯ ಪ್ರಶ್ನೆ. ನೆನಪು ಕೊನೆಯ ಗಳಿಗೆಗೆ ಹೆಚ್ಚು ತೂಕ ಕೊಡುತ್ತೆ. ರೆಡೆಲ್‌ಮಯರ್ ಮತ್ತು ಕಾನಮನ್ 1996ರಲ್ಲಿ ಕರುಳಿನ ಪರೀಕ್ಷೆಗೆ ಒಳಗಾದ ರೋಗಿಗಳ ನೋವಿನ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಆಮೇಲೆ ರೋಗಿಗಳು ನೆನಪಿಟ್ಟು ಹೇಳಿದ ನೋವು ಪರೀಕ್ಷೆ ಎಷ್ಟು ಹೊತ್ತು ನಡೆಯಿತು ಅನ್ನೋದಕ್ಕಿಂತ, ಅತಿ ಹೆಚ್ಚಿನ ನೋವಿಗೂ ಕೊನೆಯ ನಿಮಿಷಗಳ ನೋವಿಗೂ ಹೊಂದಿಕೊಂಡಿತ್ತು. ಸಂಜೆಯ ಒತ್ತಿಗೂ ಇದೇ ಸ್ವಭಾವ. ಪೂರ್ತಿ ತಪ್ಪಿಸೋಕಾಗಲ್ಲ. ಆದರೆ ಒತ್ತುವ ಹೊತ್ತು ದಿನಾ ಒಂದೇ ಇರಲಿ, ಉದಾಹರಣೆಗೆ ಊಟಕ್ಕೆ ಕೂರುವ ಮುಂಚೆ. ಒಂದು ದಿನ ಊಟಕ್ಕೆ ಮುಂಚೆ, ಇನ್ನೊಂದು ದಿನ ಮಲಗುವಾಗ ಒತ್ತಿದರೆ ನೀವು ಅಳೆಯುತ್ತಿರೋದು ಮನಸ್ಸಿನ ಬದಲಾವಣೆಯೋ ಗಡಿಯಾರದ ಬದಲಾವಣೆಯೋ ತಿಳಿಯಲ್ಲ. ಜಗಳವಾದ ದಿನ ಅನ್ನಿಸಿದ್ದನ್ನೇ ಒತ್ತಿ, ತಿದ್ದಬೇಡಿ. ಅಂಥ ಒಂದು ದಿನದಿಂದ ತಿಂಗಳು ಬದಲಾಗೋದಿಲ್ಲ.

ಇನ್ನೊಬ್ಬ ಅಧ್ಯಾಪಕರ ಪ್ರಶ್ನೆ: 3 ಮತ್ತು 4ರ ನಡುವಿನ ಅಂತರ 1 ಮತ್ತು 2ರ ನಡುವಿನ ಅಂತರದಷ್ಟೇ ಅಂತ ಹೇಳಲಾಗದು, ಹಾಗಿದ್ದ ಮೇಲೆ ಸರಾಸರಿ ತೆಗೆಯೋದು ಎಷ್ಟು ಸರಿ?

ಸರ್, ನೀವು ಹೇಳಿದ್ದು ನಿಜ. ಇವು ಮೊದಲನೆಯದು, ಎರಡನೆಯದು ಅಂತ ಹೇಳುವ ಕ್ರಮದ ಅಂಕಗಳು. ಅಕ್ಕಿ ತೂಗಿದ ಹಾಗೆ ತೂಗಿದ ಅಂಕಗಳಲ್ಲ. ನಾನು ಸರಾಸರಿ ಬಳಸಿದ್ದು ಆ್ಯಪ್‌ಗಳು ಅದನ್ನೇ ತೋರಿಸುತ್ತವೆ ಅಂತ. ನನ್ನ ಸ್ವಂತ ಪುಟದಲ್ಲಿ ಈಗ ಎಣಿಕೆ ಇಟ್ಟಿದ್ದೇನೆ: 1 ಮತ್ತು 2 ಎಷ್ಟು ದಿನ, ಅವು ಯಾವ ವಾರ, ಖಾಲಿ ಎಷ್ಟು ದಿನ. ಭಾವನವರ ಎರಡನೆಯ ತಿಂಗಳಲ್ಲೂ ಸರಾಸರಿಗಿಂತ ಹೆಚ್ಚು ಹೇಳಿದ್ದು 'ಸಿ ಶಿಫ್ಟಿನ ಏಳಕ್ಕೆ ಏಳೂ ದಿನ 2 ಅಥವಾ ಕೆಳಗೆ' ಅನ್ನೋ ಒಂದು ವಾಕ್ಯ.

ಕೊನೆಯದಾಗಿ ಒಂದು ಮಾತು. ತಿಂಗಳ ಸಾರಾಂಶ ತಿಂಗಳು ಮುಗಿದ ಮೇಲೆ ಬರುತ್ತೆ. ಮನೆಯಲ್ಲಿ ಯಾರಾದರೂ ಎರಡು ವಾರ ಬಿಡದೆ 1, 2 ಒತ್ತುತ್ತಿದ್ದರೆ, ಅಥವಾ ಒತ್ತೋದನ್ನೇ ಬಿಟ್ಟರೆ, ಆ ಪುಟಕ್ಕೆ ಕಾಯಬೇಡಿ. ಹತ್ತಿರ ಹೋಗಿ ಕೂತು ಮಾತಾಡಿಸಿ. ಭಾವ ಈಗ ಹೇಗಿದ್ದಾರೆ ಅಂತ ಕೆಲವರು ಕೇಳಿದ್ದೀರಿ. ಚಿಕಿತ್ಸೆ ನಡೀತಾ ಇದೆ. ಹಗಲು ಮಲಗೋಕೆ ಪಕ್ಕದ ಕಲ್ಲುಚಪ್ಪಡಿ ಹೊದಿಸಿದ ಕೋಣೆಯನ್ನು ಬಿಟ್ಟುಕೊಟ್ಟಿದ್ದಾರೆ, ತಂಪಿರುತ್ತೆ. ಹೋದ ಸಿ ಶಿಫ್ಟಿನಲ್ಲಿ ಎರಡು ದಿನ 3 ಬಂದಿದೆ.